ಬಿಲ್ ಬಾರದ ಪೀಪಾಯಿಗಳು

ನನಗೆ ಹೊಟ್ಟೆಕಿಚ್ಚು ಇತ್ತು, ಈಗಲೂ ಇದೆ. ಮುಚ್ಚಿಟ್ಟುಕೊಂಡು ಏನಾಗಬೇಕಿದೆ? ಮೈದುನನ ಹೆಂಡತಿಯನ್ನು ನಮ್ಮ ಸಾಬೂನು ಕಾರ್ಖಾನೆಯ ಲೆಕ್ಕದ ವಿಭಾಗಕ್ಕೆ ಸೇರಿಸಿದವಳು ನಾನೇ. ಮನೆಯಲ್ಲಿ ಅತ್ತೆ ದಿನವಿಡೀ 'ಚಿಕ್ಕವಳು, ಚಿಕ್ಕವಳು' ಎಂದು ಜಪ ಮಾಡುವುದು ಸಾಲದೆಂಬಂತೆ ಆಫೀಸಿನಲ್ಲೂ ಅದೇ ಜಪ ಶುರುವಾಯಿತು. ಅವಳು ನಕ್ಕರೆ ಮ್ಯಾನೇಜರೂ ನಗುತ್ತಾರೆ. ನಾನು ನಕ್ಕರೆ ಏನಾಯಿತು ಅಂತ ಕೇಳುತ್ತಾರೆ.

ಲೆಕ್ಕದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಕಿಟಕಿ ಪಕ್ಕದ ಆ ಕುರ್ಚಿ ನಮ್ಮಿಬ್ಬರಲ್ಲಿ ಒಬ್ಬರಿಗೆ. ವರ್ಷಾಂತ್ಯದ ಲೆಕ್ಕ ಮುಗಿಯಲಿ, ನೋಡೋಣ ಎಂದಿದ್ದರು ಮ್ಯಾನೇಜರು. ನನಗೆ ಆ ಕುರ್ಚಿ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಅವಳಿಗೆ ಸಿಗಬಾರದಾಗಿತ್ತು.

ವರ್ಷದ ಕೊನೆಯ ದಿನ ಮಧ್ಯಾಹ್ನ ಸುಗಂಧ ತೈಲದ ಪೀಪಾಯಿಗಳು ಬಂದಿಳಿದವು. ಬಿಲ್ ಬಂದಿರಲಿಲ್ಲ. ಆ ಸರಬರಾಜುದಾರ ಸರಕು ಕಳಿಸುವುದರಲ್ಲಿ ಚುರುಕು, ಬಿಲ್ ಕಳಿಸುವುದರಲ್ಲಿ ಕುಂಭಕರ್ಣ. ಬಿಲ್ ಬರಲಿ ಬಿಡಲಿ, ಗೋದಾಮಿಗೆ ಬಂದ ಸರಕು ನಮ್ಮದು, ಅದರ ಸಾಲವೂ ನಮ್ಮದು. ಎರಡನ್ನೂ ಅದೇ ವರ್ಷಕ್ಕೆ ಬರೆಯಬೇಕು. ಸರಕು ಬಂದ ರಸೀದಿ ಹಾಕುವ ಕೆಲಸ ಅವಳದು, ವರ್ಷಾಂತ್ಯದ ಹೊಂದಾಣಿಕೆ ನನ್ನದು.

ಸಂಜೆ ಸರಬರಾಜುದಾರನ ಖಾತೆ ತೆರೆದು ನೋಡಿದೆ. ಪೀಪಾಯಿಗಳ ಸುಳಿವೇ ಇಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರೆತಿದ್ದಾಳೆ! ಅವಳನ್ನು ಕೇಳಿದ್ದರೆ ಅರ್ಧ ನಿಮಿಷದ ಮಾತು. ಕೇಳಿದರೆ ತಿದ್ದಿಕೊಂಡುಬಿಡುತ್ತಾಳಲ್ಲ, ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡೆ. ಆರ್ಡರಿನ ದರ ಹಿಡಿದು ದಾಸ್ತಾನಿಗೆ ಡೆಬಿಟ್, ಬಾಕಿ ಸಾಲಕ್ಕೆ ಕ್ರೆಡಿಟ್ ಎಂದು ನಾನೇ ಹೊಂದಾಣಿಕೆ ನಮೂದು ಹಾಕಿದೆ. ಬಿಲ್ ಬಂದಾಗ ಎರಡು ಸಲ ಆಗದಿರಲಿ ಎಂದು, ಹೊಸ ವರ್ಷದ ಲೆಕ್ಕದಲ್ಲಿ ಅದು ತಾನಾಗಿ ರದ್ದಾಗುವಂತೆ ಗುರುತನ್ನೂ ಇಟ್ಟೆ. ನಾಳೆ ಮ್ಯಾನೇಜರ ಮುಂದೆ, 'ಇವಳು ಬಿಟ್ಟಿದ್ದಳು, ನಾನು ಹಿಡಿದೆ' ಎಂದರಾಯಿತು.

ಮಾರನೆಯ ದಿನ ಮ್ಯಾನೇಜರೇ ಇಬ್ಬರನ್ನೂ ಕರೆದರು.

"ಗೋದಾಮಿನ ದಾಸ್ತಾನು ಪಟ್ಟಿಗೂ ಲೆಕ್ಕದ ದಾಸ್ತಾನಿಗೂ ಹೊಂದ್ತಾ ಇಲ್ಲ. ವ್ಯತ್ಯಾಸ ಸರಿಯಾಗಿ ಆ ಪೀಪಾಯಿಗಳ ಬೆಲೆಯಷ್ಟೇ ಇದೆ. ಎರಡು ಸಲ ಬಿದ್ದಿದೆ. ಸಾಲನೂ ಎರಡು ಸಲ. ಯಾರು ಹಾಕಿದ್ದು?"

ನನ್ನ ಮುಖ ಹುಳ್ಳಗಾಯಿತು. ಅವಳು ಲಾರಿ ಬಂದ ಕೂಡಲೇ ರಸೀದಿ ಹಾಕಿದ್ದಳು. ರಸೀದಿ ಹಾಕಿದರೆ ನಮ್ಮಲ್ಲಿ ದಾಸ್ತಾನು ತಾನಾಗಿ ಏರುತ್ತದೆ, ಸಾಲ 'ಬಂದ ಸರಕು, ಬಾರದ ಬಿಲ್' ಎಂಬ ಖಾತೆಗೆ ಹೋಗಿ ಕೂರುತ್ತದೆ. ಬಿಲ್ ಬಂದ ಮೇಲೆ ತಾನೆ ಸರಬರಾಜುದಾರನ ಹೆಸರಿಗೆ ದಾಟುವುದು! ಕೈಯಾರೆ ಹೊಂದಾಣಿಕೆ ನಮೂದು ಹಾಕಬೇಕಾದದ್ದು ರಸೀದಿ ತಪ್ಪಿದ ಸರಕಿಗೆ ಮಾತ್ರ. ಇದನ್ನು ಅವಳಿಗೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕಲಿಸಿದವಳು ನಾನು. "ಬಂದಿದ್ದನ್ನ ಬಂದ ದಿನಾನೇ ಬರೆ, ಬಿಲ್ಲಿಗೆ ಕಾಯಬೇಡ" ಅಂದಿದ್ದೆ. ಹಾಳಾದವಳು ಹಾಗೇ ಮಾಡಿದ್ದಳು. ನಾನು ಸಂತೋಷದ ಭರದಲ್ಲಿ ಆ ಖಾತೆಯನ್ನೇ ತೆರೆಯದೆ ಹೋಗಿದ್ದೆ.

ನಮ್ಮಿಬ್ಬರಿಗೂ ಕಂಪ್ಯೂಟರಿನಲ್ಲಿ ಒಂದೇ ಲಾಗಿನ್. ಯಾರ ಕೈ ಎಂದು ಅದು ಹೇಳುವುದಿಲ್ಲ.

ಅವಳು ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ.

"ನಂದೇ ಸರ್," ಅಂದಳು. "ರಸೀದಿ ಹಾಕಿದ್ದು ನೆನಪಿಲ್ದೆ ಇನ್ನೊಂದ್ಸಲ ಹಾಕ್ಬಿಟ್ಟೆ. ಈಗ್ಲೇ ರದ್ದು ಮಾಡ್ತೀನಿ."

ಮ್ಯಾನೇಜರು ಹುಬ್ಬು ಗಂಟಿಕ್ಕಿದರು. ಕುರ್ಚಿ ನನ್ನ ಕಡೆಗೆ ಬಂದಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು.

ಸುಮ್ಮನಿರಲು ಆಗಲಿಲ್ಲ. ಒಳ್ಳೆಯತನ ಉಕ್ಕಿ ಬಂತು ಎಂದುಕೊಳ್ಳಬೇಡಿ. ಆ ಮುಖದ ಶಾಂತಿ ಕಂಡು ನನ್ನ ಹೊಟ್ಟೆ ಧಗಧಗ ಉರಿಯಿತು. ರೂಪ, ಅತ್ತೆಯ ಪ್ರೀತಿ, ಎಲ್ಲ ಸಾಲದು ಅಂತ ಈಗ ತ್ಯಾಗವೂ ಅವಳದೇ ಆಗಬೇಕೇ?

"ಸುಳ್ಳು ಸರ್, ಅದು ನಾನು ಹಾಕಿದ್ದು," ಎಂದೆ. "ಇವಳ ರಸೀದಿ ಸರಿಯಾಗಿದೆ. ನನ್ನದನ್ನ ತೆಗೆಯಿರಿ."

ಕುರ್ಚಿ ಅವಳಿಗೆ ಹೋಯಿತು.

ಸಂಜೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಬಂದು ನಿಂತಳು. "ಅಕ್ಕ, ಯಾಕೆ ಹೇಳಿದ್ರಿ? ನೀವು ನನಗೆ ಕೆಲಸ ಕೊಡಿಸಿದವರು. ಅಷ್ಟೂ ಮಾಡಬಾರದಾ ನಾನು?"

"ನೀನು ಮಾಡ್ತೀಯ, ಬಿಲ್ಲೂ ಕಳಿಸಲ್ಲ," ಎಂದೆ. "ಸಾಯೋವರೆಗೂ ಅದನ್ನ ಬಾಕಿ ಅಂತ ಹೊತ್ಕೊಂಡು ತಿರುಗೋಳು ನಾನು."

ಅವಳಿಗೆ ನಗು ಬಂತು. ನಕ್ಕಾಗ ಅವಳು ಚೆನ್ನಾಗಿಯೇ ಕಾಣುತ್ತಾಳೆ, ದರಿದ್ರ. ಬಸ್ಸು ಬಂತು. ನನಗಿಂತ ಮೊದಲು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ನನಗೆ ಬಿಟ್ಟುಕೊಟ್ಟಳು.