ಮೂವತ್ತು ಮಿಲಿಮೀಟರ್

ಹನುಮಯ್ಯನ ಮನೆ ಬಾಗಿಲು ತಟ್ಟುವ ಮೊದಲು ಸುಮೈರಾ ಎರಡು ಸಲ ಓಣಿಯ ತುದಿಯವರೆಗೆ ಹೋಗಿ ವಾಪಸ್ ಬಂದಳು. ಟಿ. ದಾಸರಹಳ್ಳಿಯ ಆ ಓಣಿಯಲ್ಲಿ ಸುಮ್ಮನೆ ಓಡಾಡಿದರೆ ಜನ ಕೇಳದೆ ಬಿಡುವುದಿಲ್ಲ. ಯಾರು ಬೇಕಮ್ಮಾ ಅಂದವರಿಗೆ ಹೆಸರು ಹೇಳಿದ ಮೇಲೆ ಹಿಂತಿರುಗುವ ದಾರಿ ಉಳಿಯಲಿಲ್ಲ.

ಅವಳ ಬ್ಯಾಗಿನಲ್ಲಿ ಒಂದು ಕಾಗದವಿತ್ತು. ಪೀಣ್ಯದ ಅವರ ವರ್ಕ್‌ಶಾಪಿನ ಯಜಮಾನ ಅನಂತರಾಜು ಟೈಪ್ ಮಾಡಿಸಿ ಕೊಟ್ಟದ್ದು. ಅಪಘಾತಕ್ಕೆ ಕಾರಣ ಕೆಲಸಗಾರನ ಅಜಾಗರೂಕತೆ, ಅಂತ. ಕೆಳಗೆ ಎಂಜಿನಿಯರ್ ಆಗಿ ಅವಳ ಸಹಿ ಬಿದ್ದರೆ ಮೂವತ್ತು ವರ್ಷ ಭಾರ ಎತ್ತಿದ ಹನುಮಯ್ಯನನ್ನು ಮನೆಗೆ ಕಳಿಸಬಹುದು. ಬೀಳದಿದ್ದರೆ ಹೋಗಬೇಕಾದವಳು ಅವಳೇ. ಅನಂತರಾಜು ಅದನ್ನು ಬಹಳ ಮೃದುವಾಗಿಯೇ ಹೇಳಿದ್ದರು.

ನಡೆದದ್ದು ಇಷ್ಟು. ಎರಕದ ಕಬ್ಬಿಣದ ಒಂದು ಹೌಸಿಂಗ್, ಅಂದರೆ ಯಂತ್ರದ ಹೊರಕವಚ, ದುಬಾರಿಯಾಯಿತು, ಬೆಲೆ ಇಳಿಸದಿದ್ದರೆ ಆರ್ಡರ್ ಬೇರೆಯವರಿಗೆ ಅಂತ ಗಿರಾಕಿ ಪಟ್ಟು ಹಿಡಿದಿದ್ದ. ಲೆಕ್ಕ ಹಾಕುವ ಕೆಲಸ ಸುಮೈರಾಳದು. ಮೆಷಿನಿಂಗ್‌ಗೆಂದು ಬಿಟ್ಟ ದಪ್ಪವೂ ಸೇರಿ ಎರಕದ ಮಾಡೆಲ್ಲಿನ ಗಾತ್ರ ಹನ್ನೆರಡು ಸಾವಿರದ ಐನೂರು ಘನ ಸೆಂಟಿಮೀಟರ್. ಸಾಂದ್ರತೆ ಏಳೂಕಾಲಿಗೆ ಸ್ವಲ್ಪ ಕಮ್ಮಿ, ಏಳು ಪಾಯಿಂಟ್ ಎರಡು. ಅಲ್ಲಿಗೆ ತೊಂಬತ್ತು ಕೆಜಿ. ಕೆಜಿಗೆ ನೂರಿಪ್ಪತ್ತು ರೂಪಾಯಿ. ಒಂದು ತುದಿಯ ತಳಭಾಗದಲ್ಲಿ ಭಾರ ಹೊರದ ಜಾಗ ನೋಡಿ ಅವಳು ಕಂಪ್ಯೂಟರಿನ ಮಾಡೆಲ್ಲಿನಲ್ಲೇ ಗೂಡು ಕೊರೆದಳು. ಒಂಬತ್ತು ಕೆಜಿ ಇಳಿಯಿತು, ಒಂದೊಂದಕ್ಕೆ ಸಾವಿರದ ಎಂಬತ್ತು ರೂಪಾಯಿ ಉಳಿಯಿತು. ಅನಂತರಾಜು ಇಡೀ ಆಫೀಸಿಗೆ ಬಾದಾಮಿ ಹಾಲು ತರಿಸಿದರು.

ಕಂಪ್ಯೂಟರ್ ಏನೂ ಮುಚ್ಚಿಟ್ಟಿರಲಿಲ್ಲ. ಗಾತ್ರ, ತೂಕ, ಅವುಗಳ ಕೆಳಗೆ ಮೂರನೆಯದಾಗಿ ಗುರುತ್ವ ಕೇಂದ್ರ, ಅಂದರೆ ಭಾರವೆಲ್ಲ ವಾಲದೆ ನಿಲ್ಲುವ ಬಿಂದು, ಅದೂ ತೆರೆಯ ಮೇಲಿತ್ತು. ಕೊರೆದ ಜಾಗ ಆ ಬಿಂದುವಿನಿಂದ ಇನ್ನೂರೆಪ್ಪತ್ತು ಮಿಲಿಮೀಟರ್ ದೂರ. ಹಾಗಾಗಿ ಬಿಂದು ಎದುರು ತುದಿಯತ್ತ ಮೂವತ್ತು ಮಿಲಿಮೀಟರ್ ಸರಿದಿತ್ತು. ಎತ್ತುವಾಗ ಕೊಕ್ಕೆ ಸಿಕ್ಕಿಸುವ ಬಳೆತಲೆಯ ಐಬೋಲ್ಟಿನ ತೂತು ಮಾತ್ರ ಹಳೆಯ ಬಿಂದುವಿನ ನೇರಕ್ಕೇ ಉಳಿಯಿತು. ಸುಮೈರಾ ಅದನ್ನು ನೋಡಿದ್ದಳು. ಆದರೆ ವೆಚ್ಚದ ಹಾಳೆಯಲ್ಲಿ ತೂಕಕ್ಕೆ ಕಾಲಂ ಇದೆ, ದರಕ್ಕೆ ಇದೆ, ಇದಕ್ಕಿಲ್ಲ. ಸಂಜೆ ಕೆಳಗೆ ಹೋಗಿ ಹನುಮಯ್ಯನಿಗೆ ಹೇಳಿದರಾಯ್ತು ಅಂದುಕೊಂಡಳು. ಅಷ್ಟರಲ್ಲಿ ಆರ್ಡರ್ ಬಂತು, ಬಾದಾಮಿ ಹಾಲು ಬಂತು, ಮಾತು ಮರೆತೇ ಹೋಯಿತು.

ಹೊಸ ಎರಕದ ಮೊದಲ ಪೀಸು ಚೈನ್ ಪುಲ್ಲಿಯಲ್ಲಿ ಮೇಲೇಳುತ್ತಲೇ ಒಂದು ಕಡೆ ವಾಲಿತು. ಹಿಡಿಯಲು ಹೋದ ಹನುಮಯ್ಯನ ಬಲಗೈ ಅದಕ್ಕೂ ಮೆಷಿನ್ನಿನ ಬೆಡ್ಡಿಗೂ ನಡುವೆ ಸಿಕ್ಕಿತು. ಮೂರು ಬೆರಳು ಹೋದವು.

ಬಾಗಿಲು ತೆರೆದವನು ಹನುಮಯ್ಯನೇ. ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡಿದ್ದ.

"ಬಾ ಸುಮೈರಮ್ಮ. ಸೈನ್‌ಗೆ ಬಂದ್ಯಾ? ನಾನಾಗ್ಲೇ ಎಡಗೈ ಎಬ್ಬೆಟ್ಟು ಒತ್ತಿ ಕೊಟ್ಟಿವ್ನಿ. ತಪ್ಪು ನಂದೇ ಅಂತ."

"ಯಾಕಣ್ಣ ಒತ್ತಿದ್ರಿ?"

"ಮತ್ತೆ? ಇಷ್ಟು ವರ್ಸ ಕಣ್ಣಲ್ಲಿ ನೋಡೇ ಎಲ್ಲಿ ಇಡ್ದು ಎತ್ತಬೇಕು ಅಂತ ಏಳ್ತಿದ್ದೆ. ಬೆರಳು ಓಗ್ಲಿ, ಕಣ್ಣೇ ಓಯ್ತಲ್ಲ ಅನ್ನೋದೇ ಸಂಕ್ಟ. ರಾತ್ರಿಯೆಲ್ಲ ಅದೇ ಪೀಸು ಮುಂದೆ ಬಂದು ನಿಂತ್ಕೊಳ್ತದೆ. ಎಲ್ಲಿ ತಪ್ದೆ, ಗೊತ್ತೇ ಆಗ್ತಿಲ್ಲ."

ಸುಮೈರಾ ಅನಂತರಾಜು ಕೊಟ್ಟ ಕಾಗದವನ್ನು ತೆಗೆದು, ಅದರ ಹಿಂದಿನ ಖಾಲಿ ಬದಿಯಲ್ಲಿ ಪೀಸಿನ ಚಿತ್ರ ಬರೆದಳು. ತಳದ ಗೂಡು, ಹಳೆಯ ಬಿಂದು, ಹೊಸ ಬಿಂದು.

"ನಿಮ್ಮ ಕಣ್ಣು ತಪ್ಪಿಲ್ಲ ಅಣ್ಣ. ಗೂಡು ತಳದಲ್ಲಿತ್ತು, ನಿಂತು ನೋಡಿದ್ರೆ ಕಾಣಲ್ಲ. ನನಗೆ ಗೊತ್ತಿತ್ತು, ಹೇಳ್ಲಿಲ್ಲ. ನಾಳೆ ಹಾಗೇ ಬರೆದು ಕೊಡ್ತೀನಿ, ನನ್ನ ಹೆಸರಲ್ಲಿ."

ಹನುಮಯ್ಯ ಕಾಗದವನ್ನು ಹತ್ತಿರ ಎಳೆದುಕೊಂಡು ಆ ಎರಡು ಚುಕ್ಕೆಗಳನ್ನೇ ನೋಡಿದ. ಮುಖದಲ್ಲಿ ಮೊದಲು ಬಂದದ್ದು ಕೋಪವಲ್ಲ, ಒಂದು ಬಗೆಯ ನೆಮ್ಮದಿ. ಅದನ್ನು ನೋಡುವುದು ಸುಮೈರಾಳಿಗೆ ಬೈಗುಳಕ್ಕಿಂತ ಕಷ್ಟವಾಯಿತು.

"ಎಷ್ಟು ಸರ್ದಿತ್ತು?"

"ಮೂವತ್ತು ಮಿಲಿಮೀಟರ್."

ಅವನು ಎಡಗೈಯ ಎರಡು ಬೆರಳು ಜೋಡಿಸಿ ಕಣ್ಣೆದುರು ಹಿಡಿದು ಅಷ್ಟು ಅಗಲವನ್ನು ಅಂದಾಜು ಮಾಡಿದ.

"ಎರಡು ಬೆರಳು," ಅಂದ. "ನೀನು ಒಂದು ಮಾತು ಏಳಿದ್ರೆ ಆ ಬೋಲ್ಟ್ ಮುಟ್ತಲೇ ಇರ್ಲಿಲ್ಲ ಕಣಮ್ಮ. ಎರಡು ಕಡೆ ಬೆಲ್ಟ್ ಆಕಿ ಎತ್ತಿರ್ತಿದ್ದೆ. ಐದು ನಿಮಿಷದ ಕೆಲ್ಸ."

ಆಮೇಲೆ ಅವನು ಗೋಡೆಯ ಕಡೆ ತಿರುಗಿ ಕುಳಿತ.