ಬಡ್ಡಿ ಇಲ್ಲದ ತೆರಿಗೆ

ಭಾಲ್ಕಿಯ ನರಸಿಂಗ ದಾಲ್ ಮಿಲ್ಲಿನಲ್ಲಿ ವರ್ಷದ ಲೆಕ್ಕಕ್ಕೆ ಸಹಿ ಬೀಳುವುದು ಯುಗಾದಿ ಪಾಡ್ಯದ ದಿನ. ಅದಕ್ಕೂ ಮೊದಲು ಲೆಕ್ಕದವನು ಎದ್ದು ನಿಂತು ಎಲ್ಲರ ಮುಂದೆ ಒಂದು ಮಾತು ಹೇಳಬೇಕು: ಲೆಕ್ಕ ಸರಿ ಅದ.

ಇದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಕಾಲದಿಂದ ಬಂದ ಪದ್ಧತಿ. ಮಿಲ್ಲು ಕಟ್ಟಿದ ಹಿರಿಯ ನರಸಿಂಗರಿಗೆ ಉರ್ದು ಬರುತ್ತಿತ್ತು, ಮರಾಠಿಯ ಮೋಡಿ ಲಿಪಿ ಬರುತ್ತಿತ್ತು, ಕನ್ನಡದ ಅಕ್ಷರ ಮಾತ್ರ ಬರುತ್ತಿರಲಿಲ್ಲ. ಕಚೇರಿಯ ಕಾಗದವೆಲ್ಲ ಕನ್ನಡಕ್ಕೆ ತಿರುಗಿದಾಗ ಅವರು ಲೆಕ್ಕ ಬರೆಯುವ ತಮ್ಮ ಮುನೀಮ ಪಾಂಡುರಂಗನನ್ನು ಕರೆದು, "ನಿಮ್ಮ ಅಕ್ಷರ ನನಗ ಹತ್ತಂಗಿಲ್ಲ. ಲೆಕ್ಕ ಸರಿ ಅದ ಅಂತ ಬಾಯಿಲೆ ಹೇಳು, ಸಹಿ ಮಾಡ್ತೇನಿ," ಎಂದರಂತೆ. ಆ ಪಾಂಡುರಂಗನ ಮಗನೇ ವಸಂತ. ಅಪ್ಪ ಸತ್ತ ಮೇಲೆ ಕುರ್ಚಿಯೂ ಅವನಿಗೆ ಬಂತು, ಆ ಮಾತೂ ಬಂತು. ನರಸಿಂಗರ ಮಕ್ಕಳು ಓದಿದವರು, ಬೇಕೆಂದರೆ ಪುಟ ತಿರುವಿ ನೋಡಬಹುದಿತ್ತು. ಯಾರೂ ನೋಡಲಿಲ್ಲ. ವಸಂತ ಹೇಳಿದ ಎಂದರೆ ಮುಗಿಯಿತು. ಇಡೀ ಗಂಜ್ ಪೇಟೆಯಲ್ಲಿ ಅವನಿಗೆ ಇದ್ದ ಆಸ್ತಿ ಎಂದರೆ ಇದೊಂದೇ. ಸಂಬಳದ ವಿಷಯ ಬಿಡಿ, ಅದನ್ನು ಆಸ್ತಿ ಎಂದರೆ ಸಂಬಳವೇ ನಗುತ್ತದೆ.

ಈಗ ಮಿಲ್ಲಿಗೆ ಪಾಲುದಾರರು ಇಬ್ಬರು. ಒಬ್ಬಳು ನರಸಿಂಗರ ಹಿರಿಯ ಸೊಸೆ ಗಿರಿಜಾಬಾಯಿ. ಗಂಡ ತೀರಿಕೊಂಡ ಮೇಲೆ ಸೆರಗು ಸಿಕ್ಕಿಸಿಕೊಂಡು ಮಿಲ್ಲಿಗೆ ಇಳಿದವಳು. ತೊಗರಿಯನ್ನು ಅಂಗೈಯಲ್ಲಿ ಹಿಡಿದೇ ಅದು ಭಾತಂಬ್ರಾದ್ದೋ ಸಂತಪುರದ್ದೋ ಎನ್ನಬಲ್ಲವಳು. ಇನ್ನೊಬ್ಬ ಅವಳ ಮೈದುನ ದತ್ತಾತ್ರಿ. ಅವನು ಔರಾದಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡು ಅಲ್ಲಿಯೇ ಇದ್ದಾನೆ, ಮಿಲ್ಲಿಗೆ ಬರುವುದು ಹಬ್ಬಕ್ಕೆ. ಮಾರ್ಚ್ ಕೊನೆಗೆ ತನ್ನ ಪಾಲು ತೆಗೆದುಕೊಂಡು ಹೊರಗೆ ಹೋಗುತ್ತೇನೆಂದು ಅವನೇ ಹೇಳಿದ್ದ. ಆ ದಿನದ ಲೆಕ್ಕದಲ್ಲಿ ಎಷ್ಟು ಕಾಣುತ್ತದೋ ಅದರ ಅರ್ಧ ಅವನದು. ಪಾಡ್ಯಕ್ಕೆ ಸಹಿ. ಸಹಿಯಾದ ಮೇಲೆ ಯಾವ ಬಾಕಿಯನ್ನೂ ಕೇಳುವಂತಿಲ್ಲ ಎಂದು ಪತ್ರ.

ಮಾರ್ಚ್ ಮೂವತ್ತೊಂದರ ಸಂಜೆ ಗಿರಿಜಾಬಾಯಿಯ ಫೋನು ಟಣ್ ಎಂದಿತು. ಅವಳು ಚಾಳೀಸು ಏರಿಸಿ ಓದಿ, ವಸಂತನ ಮೇಜಿಗೆ ಬಂದಳು.

"ಬೀದರ್ ಬ್ಯಾಂಕಿನವರು ಚಾಲ್ತಿ ಖಾತೆದಾಗಿಂದ ಇಪ್ಪತ್ತು ಸಾವಿರ ತಗದಾರ. ಯಾಕ್ರಿ?"

ವಸಂತನಿಗೆ ಕೂಡಲೇ ತಿಳಿಯಿತು. "ನವರಾತ್ರಿ ಆದ ಮ್ಯಾಲ ಎಫ್‌ಡಿ ಇಟ್ಟೇವಲ್ರಿ ಬಾಯಾರ, ಅದರ ಟಿಡಿಎಸ್. ಇವತ್ತಿನ ತನಕ ಎರಡು ಲಕ್ಷ ಬಡ್ಡಿ ಆಗ್ಯದ. ಅದರಾಗ ಹತ್ತು ಪರ್ಸೆಂಟ್ ತೆರಿಗಿ ಕತ್ತರಿಸ್ಯಾರ."

"ಬಡ್ಡಿ ಕೈಗೆ ಬಂದದೇನ್ರಿ?"

"ಇಲ್ರಿ. ಠೇವಣಿ ಮುಗಿಯೋದು ದಸರಾಕ್ಕ. ಬಡ್ಡಿ ಅವಾಗೇ ಕೊಡ್ತಾರ. ಆದ್ರ ಬ್ಯಾಂಕಿನವರು ವರ್ಷದ ಕೊನಿಗೆ ತಮ್ಮ ಪುಸ್ತಕದಾಗ ನಮ್ಮ ಬಡ್ಡಿ ಇಷ್ಟು ಅಂತ ಬರ್ಕೊಂತಾರ. ಬರ್ಕೊಂಡ ದಿನಾನೇ ತೆರಿಗಿ ಹಿಡೀಬೇಕು, ಕಾನೂನು ಅದ."

"ಬಂದಿಲ್ಲ ಅಂದ್ರ ಬಂದಿಲ್ಲ," ಎಂದಳು ಗಿರಿಜಾಬಾಯಿ. "ಬರದಿರೋದನ್ನ ದತ್ತಾಗ ಯಾಕ ಕೊಡಬೇಕು?"

ವಸಂತ ಸುಮ್ಮನಿರಬೇಕಿತ್ತೋ ಏನೋ, ಹೇಳಿಬಿಟ್ಟ. ಬಂದಿಲ್ಲದಿದ್ದರೂ ಅರ್ಧ ವರ್ಷದ ಬಡ್ಡಿ ಹುಟ್ಟಿಯಾಗಿದೆ. ಮಿಲ್ಲಿನ ಲೆಕ್ಕ ಹುಟ್ಟಿದ್ದನ್ನು ಹುಟ್ಟಿದ ವರ್ಷವೇ ಹಿಡಿಯುವ ಲೆಕ್ಕ. ಎರಡು ಲಕ್ಷವನ್ನೂ ಆದಾಯಕ್ಕೆ ಹಾಕಿ, ಬ್ಯಾಂಕಿನಿಂದ ಬರಬೇಕಾದ ಬಡ್ಡಿ ಎಂದು ತೋರಿಸಬೇಕು. ಕತ್ತರಿಸಿದ ಇಪ್ಪತ್ತು ಸಾವಿರ ಖರ್ಚಲ್ಲ. ಅದು ಸರಕಾರದ ಹತ್ತಿರ ನಮ್ಮ ಹೆಸರಿನಲ್ಲಿ ಜಮಾ ಇರುವ ಹಣ, ಮಿಲ್ಲಿನ ತೆರಿಗೆ ಕಟ್ಟುವಾಗ ಮುರಿದುಕೊಳ್ಳಬಹುದು.

ಅವಳು ಕೇಳಿಸಿಕೊಂಡಳು. ಹತ್ತು ವರ್ಷ ಹೊಟ್ಟಿನ ಧೂಳು ಕುಡಿದವಳು ಅವಳು, ಹಬ್ಬಕ್ಕೆ ಬಂದು ಹೋಳಿಗೆ ಉಂಡವನು ದತ್ತಾತ್ರಿ. ಆ ಸಿಟ್ಟು ಸುಳ್ಳಲ್ಲ. ವಸಂತನೇ ಅದನ್ನು ಕಣ್ಣಾರೆ ಕಂಡವನು.

"ಬಡ್ಡಿ ಬ್ಯಾಡ," ಎಂದಳು. "ಇಪ್ಪತ್ತು ಸಾವಿರ ಹೋಗಿದ್ದು ಖರೇನೇ ಅದಲ್ಲ? ಅದನ್ನ ಬ್ಯಾಂಕ್ ಖರ್ಚು ಅಂತ ಹಾಕ್ರಿ. ಅದರ ಅರ್ಧ ದತ್ತಾನೂ ಹೊರಲಿ."

ವಸಂತ ಪೆನ್ನು ಕೆಳಗಿಟ್ಟ. ಬಡ್ಡಿ ಮುಚ್ಚಿಡುವುದು ಒಂದು ಮಾತು. ಇಲ್ಲದ ಬಡ್ಡಿಯ ತೆರಿಗೆಯನ್ನು ಖರ್ಚು ಹಾಕುವುದು ಇನ್ನೊಂದು. ಮಗು ಹುಟ್ಟೇ ಇಲ್ಲ, ನಾಮಕರಣದ ಖರ್ಚು ಮಾತ್ರ ಬರೆದುಕೋ ಎಂದ ಹಾಗಾಯಿತು. ಆದರೆ ಇಪ್ಪತ್ತು ಸಾವಿರವನ್ನು ಬಿಟ್ಟುಬಿಡುವ ಹಾಗೂ ಇಲ್ಲ. ಬ್ಯಾಂಕಿನ ಬಾಕಿ ಅಷ್ಟು ಇಳಿದಿದೆ. ಎಲ್ಲಾದರೂ ಒಂದು ಕಡೆ ಬರೆಯದೆ ಲೆಕ್ಕ ಕೂಡುವುದಿಲ್ಲ. ತೆರಿಗೆ ಎಂದು ಬರೆದರೆ ಯಾವುದರ ಮೇಲಿನ ತೆರಿಗೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಬ್ಯಾಂಕ್ ಖರ್ಚು ಎಂದರೆ ಯಾರೂ ಕೇಳುವುದಿಲ್ಲ. ಬಾಯಾರು ಪೆಟ್ಟಿಗೆ ನೋಡಿಯೇ ಬೀಗ ಹಾಕಿದ್ದರು.

"ಬಾಯಾರ, ಹಂಗ ಹ್ಯಾಂಗ..."

"ನಿಮ್ಮ ಕ್ವಾರ್ಟರ್ಸು ಬಹಳ ಹಳೀದಾಗ್ಯದ," ಎಂದಳು ಗಿರಿಜಾಬಾಯಿ, ದನಿ ಏರಿಸದೆ. "ರಿಪೇರಿ ಮಾಡಿಸಬೇಕು ಅಂತೀನಿ. ಕಂಪ್ಯೂಟರ್ ಕಲ್ತ ಹುಡುಗೂರು ಬಹಳ ಮಂದಿ ಕೇಳ್ಲಿಕತ್ತಾರ. ಅವರಿಗೂ ಮನಿ ಬೇಕಲ್ರಿ." ಆಮೇಲೆ ಚಹಾ ತರಿಸಿದಳು. ಇಬ್ಬರೂ ಕುಡಿದರು.

ಮಿಲ್ಲಿನ ಹಿಂದಿನ ಆ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿಯೇ ವಸಂತ ಹುಟ್ಟಿದ್ದ. ಅವನ ಹೆಂಡತಿ ಲೀಲಾಬಾಯಿ ಆ ರಾತ್ರಿ ಎಲ್ಲವನ್ನೂ ಕೇಳಿ, "ಎಲ್ಲಿ ಹೋಗೋಣ್ರಿ ಈ ವಯಸ್ಸಿನಾಗ?" ಎಂದಳು. ಸರಿ ಅದ ಎಂದು ಹೇಳಬೇಡಿ ಎಂದೂ ಅನ್ನಲಿಲ್ಲ, ಹೇಳಿ ಎಂದೂ ಅನ್ನಲಿಲ್ಲ. ಅವನಿಗೆ ಬೇಕಾಗಿದ್ದದ್ದು ಎರಡರಲ್ಲಿ ಒಂದು.

ಮರುದಿನ ವಸಂತ ಬೀದರಿನ ಬಸ್ಸು ಹತ್ತಿದ. ಮಿಲ್ಲಿನ ಆಡಿಟರ್ ರಶೀದ ಅಹ್ಮದ ಇದನ್ನು ತಡೆದಾರು ಎಂಬ ಆಸೆ. ಆಡಿಟರ್ ಒಪ್ಪುವುದಿಲ್ಲ ಬಾಯಾರ ಎಂದುಬಿಟ್ಟರೆ ತನ್ನ ಮೇಲಿನ ಭಾರ ಇಳಿಯುತ್ತದೆ. ಓಲ್ಡ್ ಸಿಟಿಯ ಅಟ್ಟದ ಮೇಲಿನ ಕಚೇರಿಯಲ್ಲಿ ಅವರು ಕೈತುಂಬ ಫೈಲು ಹಿಡಿದುಕೊಂಡೇ ಉತ್ತರ ಹೇಳಿದರು.

"ಇದರಾಗ ಪೂಛನಾ ಕ್ಯಾ ಹೈ ವಸಂತರಾವ? ಬ್ಯಾಂಕು ತೆರಿಗಿ ಕಟ್ಟಿದ್ದು ಮಿಲ್ಲಿನ ಪ್ಯಾನ್ ಮ್ಯಾಲ ಬರ್ತದ, ಬಡ್ಡಿನೂ ಅದರ ಬಾಜೂಕ ಬರ್ತದ. ಇಲಾಖೆಗೆ ಎರಡೂ ಕಾಣ್ತಾವ. ತೆರಿಗಿ ಜಮಾ ಬೇಕಂದ್ರ ಬಡ್ಡಿ ತೋರಿಸಬೇಕು. ಬಡ್ಡಿ ಪೂರಾ ಎರಡು ಲಕ್ಷ, ತೆರಿಗಿ ಕಳದು ಒಂದು ಲಕ್ಷ ಎಂಬತ್ತು ಸಾವಿರ ಅಲ್ಲ. ನಾ ಆಗಸ್ಟ್‌ದಾಗ ಆಡಿಟ್ ಮಾಡುವಾಗ ಸರಿ ಮಾಡೇ ಮಾಡ್ತೇನಿ."

"ಪಾಡ್ಯದ ಕಾಗದ..."

"ಅದು ಮನಿ ಮಂದಿ ಒಳಗಿಂದು. ಅದಕ್ಕ ನನ್ನ ಸಹಿ ಇಲ್ಲ, ನನ್ನ ಜಿಮ್ಮಾನೂ ಅಲ್ಲ." ಅವರು ಫೈಲಿನಿಂದ ತಲೆ ಎತ್ತಿದರು. "ಅಲ್ಲಿ ಸರಿ ಅದ ಅಂತ ಹೇಳೋರು ನೀವಲ್ರಿ?"

ಆಗ ವಸಂತನಿಗೆ ಬಾಯಾರ ಲೆಕ್ಕ ಪೂರ್ತಿ ಅರ್ಥವಾಯಿತು. ಪಾಡ್ಯಕ್ಕೆ ಬಡ್ಡಿ ಇರುವುದಿಲ್ಲ, ದತ್ತಾತ್ರಿ ಸಹಿ ಮಾಡಿ ಹೋಗುತ್ತಾನೆ. ಆಗಸ್ಟಿಗೆ ಬಡ್ಡಿ ಎದ್ದು ಬರುತ್ತದೆ, ತೆರಿಗೆಯ ಜಮೆಯೂ ಬರುತ್ತದೆ. ಎರಡೂ ಅವಳ ಪಾಲು. ಸರಕಾರಕ್ಕೆ ಒಂದು ಪೈಸೆಯ ಮೋಸವಿಲ್ಲ. ಮೋಸ ಇರುವುದು ವಸಂತನ ಒಂದು ಮಾತಿನಲ್ಲಿ ಮಾತ್ರ. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿ ಸರಿಸಲು ನೋಡಿದ. ಅದೂ ಜಾಮಾಗಿತ್ತು.

ಪಾಡ್ಯದ ಬೆಳಿಗ್ಗೆ ಮಿಲ್ಲಿನ ಯಂತ್ರ ನಿಂತಿತ್ತು. ಗದ್ದಿಗೆ ಹೊಸ ಬಟ್ಟೆ ಹಾಸಿ, ಬೇವು ಬೆಲ್ಲ ಇಟ್ಟಿದ್ದರು. ಗಿರಿಜಾಬಾಯಿಯ ಮಗಳು ಮೀರಾಬಾಯಿಯೂ ಬಂದು ಕುಳಿತಿದ್ದಳು. ದತ್ತಾತ್ರಿ ಬಿಟ್ಟ ಜಾಗಕ್ಕೆ ಅವಳೇ ಹೊಸ ಪಾಲುದಾರಳು. ದತ್ತಾತ್ರಿ ಔರಾದಿನಿಂದ ಬಿಳಿ ಅಂಗಿ ತೊಟ್ಟು ಬಂದ. ಚಿಕ್ಕಂದಿನಲ್ಲಿ ವಸಂತನ ಹೆಗಲೇರಿ ಮಿಲ್ಲು ಸುತ್ತಿದ ಹುಡುಗ. ಈಗ ಕೂದಲು ನೆರೆತಿತ್ತು. ವಸಂತ ಬರೆದ ಕಾಗದ ಗದ್ದಿಯ ಮೇಲಿತ್ತು. ಎಫ್‌ಡಿ ಇಟ್ಟ ಮೊತ್ತ ಇತ್ತು, ಬಡ್ಡಿ ಇರಲಿಲ್ಲ. ಖರ್ಚಿನ ಕಡೆ ಬ್ಯಾಂಕ್ ಖರ್ಚು ಎಂದು ಒಂದು ಸಾಲು ದಪ್ಪಗೆ ಕುಳಿತಿತ್ತು.

ದತ್ತಾತ್ರಿ ಕಾಗದದ ಕಡೆ ನೋಡಲಿಲ್ಲ. ಪೆನ್ನು ತೆಗೆದು, ವಸಂತನ ಮುಖವನ್ನೇ ನೋಡಿದ.

"ವಸಂತಣ್ಣ, ಲೆಕ್ಕ ಸರಿ ಅದೇನ್?"

ವಸಂತ ಎದ್ದು ನಿಂತ. ಅಪ್ಪ ನಿಲ್ಲುತ್ತಿದ್ದ ಜಾಗ ಅದೇ. ಗಿರಿಜಾಬಾಯಿ ಬೇವಿನ ಹೂ ಬಿಡಿಸುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ. ಹಿತ್ತಲ ಬಾಗಿಲಿನಿಂದ ಲೀಲಾಬಾಯಿ ಒಣಗಲು ಹಾಕಿದ ಸೀರೆ ಕಾಣುತ್ತಿತ್ತು. ಇಲ್ಲ ಎನ್ನಲು ಬಾಯಿ ತೆರೆದ. ಅವನಿಗೇ ಗೊತ್ತು, ತೆರೆದದ್ದು ಅದಕ್ಕೇ. ಸೀರೆಯ ಅಂಚು ಗಾಳಿಗೆ ಎದ್ದು ಬಿತ್ತು.

"ಸರಿ ಅದ್ರಿ ಸಾವ್ಕಾರ್ರ," ಎಂದ.

ದತ್ತಾತ್ರಿ ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಾಗಿ ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿದ. ಬೇವು ಬೆಲ್ಲ ತಿಂದ, ಅತ್ತಿಗೆಯ ಕಾಲಿಗೆ ಬಿದ್ದ, ಹೊರಟ.

ಕಾರಿನವರೆಗೆ ಕಳಿಸಿಬರುವುದು ವಸಂತನ ವಾಡಿಕೆ. ಕಾರಿನ ಹತ್ತಿರ ದತ್ತಾತ್ರಿ ಜೇಬಿನಿಂದ ಫೋನು ತೆಗೆದು ಅವನ ಮುಂದೆ ಹಿಡಿದ. ಬ್ಯಾಂಕಿನ ಸಂದೇಶ. ಇಪ್ಪತ್ತು ಸಾವಿರ, ಠೇವಣಿ ಬಡ್ಡಿಯ ತೆರಿಗೆ, ಮಾರ್ಚ್ ಮೂವತ್ತೊಂದು. ಖಾತೆ ತೆರೆದಾಗ ಇಬ್ಬರು ಪಾಲುದಾರರ ನಂಬರನ್ನೂ ಕೊಟ್ಟಿದ್ದರು. ಕೊಟ್ಟವನು ವಸಂತನೇ.

"ನನಗೂ ಬಂದಿತ್ತು," ಎಂದ ದತ್ತಾತ್ರಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ತೆರಿಗಿ ಕತ್ತರಿಸ್ಯಾರ ಅಂದ್ರ ಬಡ್ಡಿ ಅದ ಅಂತ ನನಗೂ ತಿಳೀತದ ಅಣ್ಣ. ಎಲ್ಲಾ ತೆರಿಗಿ ಹೋಗಿ ನನ್ನ ಪಾಲಿಗೆ ಎಪ್ಪತ್ತು ಸಾವಿರದ ಆಜೂಬಾಜೂ ಬರ್ತಿತ್ತು. ಗಿರಿಜಾ ವೈನಿ ಕೇಳಿದ್ರ ನಾನೇ ಬಿಡ್ತಿದ್ದೆ. ಕಾಗದ ನಾ ಬೇಕಂತಲೇ ನೋಡಲಿಲ್ಲ. ನೀ ಏನಂತೀ ಅಂತ ಕೇಳಬೇಕಿತ್ತು, ಕೇಳಿದೆ."

"ದತ್ತಾ," ಎಂದ ವಸಂತ. ಹೆಗಲ ಮೇಲೆ ಹೊತ್ತ ದಿನಗಳ ಹೆಸರು ಅದು. ಎಷ್ಟೋ ವರ್ಷದ ಮೇಲೆ ಬಾಯಿಗೆ ಬಂದಿತ್ತು.

"ಬರ್ತೇನಿ," ಎಂದು ದತ್ತಾತ್ರಿ ಕಾರು ಹತ್ತಿದ.

ಆಗಸ್ಟಿನಲ್ಲಿ ರಶೀದ ಅಹ್ಮದ ಹೇಳಿದ ಹಾಗೆಯೇ ಮಾಡಿದರು. ಬ್ಯಾಂಕ್ ಖರ್ಚಿನ ಸಾಲು ಅಳಿಯಿತು, ಎರಡು ಲಕ್ಷ ಬಡ್ಡಿ ಎದ್ದು ನಿಂತಿತು, ತೆರಿಗೆಯ ಜಮೆ ಅದರ ಜೊತೆ ಸೇರಿತು. ದತ್ತಾತ್ರಿಯ ಪಾಲು ಎಂದು ಅವರು ಒಂದು ಸಲ ಕೇಳಿದರು. ಸಹಿ ಆಗ್ಯದ ಎಂದಳು ಗಿರಿಜಾಬಾಯಿ. ತಿದ್ದಿ ಬರೆದವನು ವಸಂತ. ಗಿರಿಜಾಬಾಯಿ ಕ್ವಾರ್ಟರ್ಸಿಗೆ ಸುಣ್ಣ ಹೊಡೆಸಿಕೊಟ್ಟಳು, ಮಾಡಿಗೆ ಹೊಸ ತಗಡನ್ನೂ ಹಾಕಿಸಿದಳು. ಆ ತಗಡಿನ ಕೆಳಗೆ ವಸಂತನಿಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಮತ್ತೆ ಪಾಡ್ಯ ಬಂತು. ಗದ್ದಿಗೆ ಹೊಸ ಬಟ್ಟೆ, ಬೇವು ಬೆಲ್ಲ. ಈ ವರ್ಷ ಲೆಕ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ವಸಂತ ಅದನ್ನು ಹಾಗೆಯೇ ಮಾಡಿದ್ದ, ತಿಂಗಳುಗಟ್ಟಲೆ ಕೂತು, ಪ್ರಾಯಶ್ಚಿತ್ತದ ಹಾಗೆ. ಮೊದಲ ಸಲ ಸಹಿ ಮಾಡಲಿರುವ ಮೀರಾಬಾಯಿ, ಪದ್ಧತಿ ನೆನಪಿಟ್ಟುಕೊಂಡವಳು, ಪೆನ್ನು ಹಿಡಿದು ನಗುತ್ತ ಕೇಳಿದಳು.

"ವಸಂತ ಕಾಕಾ, ಲೆಕ್ಕ ಸರಿ ಅದೇನ್ರಿ?"

ವಸಂತ ಎದ್ದು ನಿಂತ. ಮಾತು ತುಟಿಯ ತನಕ ಬಂದಿತ್ತು.

"ಅವರನ್ನ ಏನ್ ಕೇಳ್ತಿ," ಎಂದಳು ಗಿರಿಜಾಬಾಯಿ, ಮಗಳ ಮುಂದೆ ಕಾಗದವನ್ನು ಸರಿಸುತ್ತ. "ಒಂದೊಂದು ಸಾಲೂ ನೀನೇ ನೋಡು."