ಮನೆ ಬಿಟ್ಟವಳು

ಬಾಡಿಗೆಗೆ ಬರುವವರನ್ನು ವಿಚಾರಿಸುವುದಕ್ಕೆ ನಮ್ಮ ಜನಕ್ಕೆ ಎರಡೇ ದಾರಿ ಗೊತ್ತು. ಒಂದೋ ಮುಖ ನೋಡಿ ಬೀಗದ ಕೈ ಕೊಟ್ಟುಬಿಡುತ್ತಾರೆ, ಇಲ್ಲವೋ ಏಳು ತಲೆಮಾರು ಜಾಲಾಡುತ್ತಾರೆ. ಮನೆ ಬ್ರೋಕರ್ ಆದ ನನಗೆ ಎರಡೂ ಆಗಿಬರುವುದಿಲ್ಲ. ಬಾಡಿಗೆ ಕಟ್ಟುವ ಶಕ್ತಿ ಇದೆಯೇ, ಹೇಳಿದ ಹೆಸರಿನವರೇ ಹೌದೇ, ಹಿಂದಿನ ಮನೆಯಲ್ಲಿ ಹೇಗಿದ್ದರು, ಇಷ್ಟು ತಿಳಿದರೆ ಸಾಕು. ಉಳಿದದ್ದು ಅವರ ಪಾಡು.

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಆ ಹೆಂಗಸು ಮಹಡಿ ಮನೆ ಕೇಳಿಕೊಂಡು ಬಂದಾಗಲೂ ಇಷ್ಟೇ ಕೇಳಿದೆ. ಸದ್ಯಕ್ಕೆ ಆಸ್ಪತ್ರೆಯ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಮಕ್ಕಳಿಗೆ ಜಾಗವಿಲ್ಲ, ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟಿದ್ದಳು. ಮನೆ ಸಿಕ್ಕರೆ ಮಗು ಅಮ್ಮನ ಹತ್ತಿರ, ಸಿಗದಿದ್ದರೆ ತಂಗಿಯ ಮನೆಯ ಹಂಗಿನಲ್ಲಿ.

ಸಂಬಳದ ಚೀಟಿಗಳನ್ನೂ ಬ್ಯಾಂಕಿನ ಹಾಳೆಗಳನ್ನೂ ತಂದಿದ್ದಳು. ಸಂಬಳ ಜಮೆಯಾದ ಸಾಲುಗಳನ್ನು ಚೀಟಿಗೆ ತಾಳೆ ನೋಡಿದೆ. ಮಿಕ್ಕ ಖರ್ಚಿನ ಸಾಲುಗಳನ್ನು ಮುಚ್ಚಿಕೊಂಡೇ ಬಾ ಎಂದು ನಾನೇ ಹೇಳಿದ್ದೆ. ಅವಳು ಯಾವ ಔಷಧಿ ಕೊಂಡಳು ಎನ್ನುವುದು ನನಗೇಕೆ? ಗುರುತಿನ ಚೀಟಿಯ ಅಸಲನ್ನು ಮುಖಕ್ಕೆ, ಹೆಸರಿಗೆ ಹೋಲಿಸಿ ವಾಪಸ್ ಕೊಟ್ಟೆ. ಹಿಂದಿನ ಮನೆಯವರಿಗೆ ಫೋನ್ ಮಾಡಲು ಅವಳ ಒಪ್ಪಿಗೆ ಕೇಳಿದೆ.

"ಮಾಡಿ ಅಕ್ಕ. ಏನು ಕೇಳ್ತೀರಿ?"

"ಯಾವಾಗ ಇದ್ದೆ, ಬಾಡಿಗೆ ಸರಿಯಾಗಿ ಕೊಟ್ಯಾ, ಮನೆ ಚೆನ್ನಾಗಿಟ್ಕೊಂಡಿದ್ಯಾ, ಮತ್ತೆ ಬಂದ್ರೆ ಕೊಡ್ತಾರಾ. ಅಷ್ಟೇ."

ಫೋನ್ ಮಾಡಿದ್ದು ಮಹಡಿ ಮನೆಯ ಮಾಲೀಕರ ಹಜಾರದಲ್ಲೇ ಕೂತು, ಸ್ಪೀಕರ್ ಹಾಕಿ. ಹಿಂದಿನ ಮನೆಯ ಅಜ್ಜಿಗೆ ನಾನಾಗಿ ಯಾವ ವಿವರವನ್ನೂ ಹೇಳಿಕೊಡಲಿಲ್ಲ. ಅವಳು ಇದ್ದ ವರ್ಷ, ಇದ್ದ ಕೋಣೆ ಎಲ್ಲವನ್ನೂ ಅಜ್ಜಿ ತಾನಾಗಿಯೇ ಹೇಳಿದಳು, ಲ್ಯಾಬಿನವಳು ಹೇಳಿದ್ದಕ್ಕೆ ಸರಿಹೊಂದಿತು. ಬಾಡಿಗೆ ಒಂದು ತಿಂಗಳೂ ತಪ್ಪಿರಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ. ಮಾಲೀಕರು ಖುಷಿಯಾಗಿ ತಲೆ ಆಡಿಸುತ್ತಿದ್ದರು.

"ಮತ್ತೆ ಬಂದ್ರೆ ಕೊಡ್ತೀರಾ ಅಜ್ಜಿ?"

"ಕಣ್ಮುಚ್ಚಿ ಕೊಡ್ತೀನಿ. ನನ್ನ ಮಗ ವಾಪಸ್ ಬರ್ತಾನೆ ಅಂದಿದ್ದೇ ತಡ, ಒಂದು ಮಾತು ಎದುರಾಡದೆ ಮನೆ ಬಿಟ್ಟ ಹೆಣ್ಣು ಅದು."

ಅಷ್ಟರಲ್ಲಿ ಒಳಗಿನಿಂದ ನೀರು ತಂದ ಮಾಲೀಕರ ಹೆಂಡತಿಯ ಕಿವಿಗೆ ಬಿದ್ದದ್ದು ಕೊನೆಯ ತುಂಡು ಮಾತ್ರ. ಮನೆ ಬಿಟ್ಟ ಹೆಣ್ಣು. ಲೋಟವನ್ನು ನನ್ನ ಮುಂದೆ ಕುಕ್ಕಿದರು.

"ಗಂಡ ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ ಅಂದ್ಕೊಂಡಿದ್ದೆ ನಾನು. ಮನೆ ಬಿಟ್ಟವಳಾ ಅವಳು?"

"ಬಾಡಿಗೆ ಮನೆ ಖಾಲಿ ಮಾಡಿದ್ಲು ಅಂತ ಅರ್ಥ ಅಮ್ಮಾ," ಎಂದೆ. ಮಾಲೀಕರೂ ದನಿಗೂಡಿಸಿದರು. ಆಕೆ ಸ್ವಲ್ಪ ತಣ್ಣಗಾದರು.

"ಹಾಗಾದ್ರೆ ಸರಿ. ಆದ್ರೂ ಅವಳ ಬಾಯಲ್ಲೇ ಒಂದು ಮಾತು ಹೇಳಿಸಿಬಿಡಿ, ನಾನು ಅಂಥವಳಲ್ಲ ಅಂತ. ಬೀಗದ ಕೈ ಇವತ್ತೇ ಕೊಡ್ತೀನಿ."

ಅದು ಕೇಳುವಂಥದ್ದಲ್ಲ ಎಂದೆ. ಬಾಡಿಗೆಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಮಾಲೀಕರು ಪೇಪರ್ ಎತ್ತಿಕೊಂಡು ಮುಖ ಮುಚ್ಚಿಕೊಂಡರು.

ಲ್ಯಾಬಿನವಳು ಗೇಟಿನ ಹತ್ತಿರ ಕಾಯುತ್ತಿದ್ದಳು. ಕೇಳಬಾರದೆಂದು ಗೊತ್ತಿದ್ದೂ ಮಗುವನ್ನು ನೆನೆದು ನಡೆದದ್ದೆಲ್ಲ ಹೇಳಿದೆ. "ಉತ್ತರ ಕೊಡಲೇಬೇಕು ಅಂತಿಲ್ಲ. ಅಜ್ಜಿ ಮಾತಿನ ಎಡವಟ್ಟು, ಅಷ್ಟೇ. ಒಂದು 'ಇಲ್ಲ' ಅಂದ್ರೆ ಮನೆ ನಿಂದು."

ಅವಳು ಮಹಡಿಯ ಕಿಟಕಿಯನ್ನೇ ನೋಡುತ್ತಿದ್ದಳು.

"ಅಜ್ಜಿಯ ಮನೆ ಬಿಟ್ಟಿದ್ದೂ ನಿಜ ಅಕ್ಕ, ಗಂಡನ ಮನೆ ಬಿಟ್ಟಿದ್ದೂ ನಿಜ. ಇಲ್ಲ ಅಂದು ಒಳಗೆ ಹೋದ್ರೆ, ಯಾರಾದ್ರೂ ಬಾಯಿಬಿಟ್ಟ ದಿನ ಮಗಳನ್ನ ಕರ್ಕೊಂಡು ಮತ್ತೆ ಬೀದಿಗೆ ಬರಬೇಕು. ಒಂದ್ಸಲ ಹಾಗೆ ಬಂದಿದ್ದೀವಿ. ಸಾಕು."

ಅವಳು ತಂದ ಕಾಗದಗಳಲ್ಲಿ ಒಂದೇ ಒಂದು ಅಕ್ಷರ ಸುಳ್ಳಿರಲಿಲ್ಲ. ಹಾಳೆಗಳನ್ನೆಲ್ಲ ಅವಳ ಕೈಗೇ ಹಿಂದಿರುಗಿಸಿದೆ. ಬಸ್ ಸ್ಟಾಪಿನ ಕಡೆ ನಡೆಯುತ್ತಾ ಅವಳು ತಂಗಿಗೆ ಫೋನ್ ಮಾಡಿದ್ದು ಕೇಳಿಸಿತು: "ಇನ್ನೊಂದು ತಿಂಗಳು ಇಟ್ಕೊಳ್ತೀಯಾ?"

ಮುಂದಿನ ವಾರ ಮಾಲೀಕರ ಹೆಂಡತಿಯೇ ಒಂದು ಜೋಡಿಯನ್ನು ಹುಡುಕಿಕೊಂಡರು. ಕರಾರು ಬರೆಯಲು ನನ್ನನ್ನು ಕರೆದಾಗ ಸಂಬಳದ ಚೀಟಿ, ಗುರುತಿನ ಚೀಟಿ, ಹಿಂದಿನ ಮನೆಯವರ ನಂಬರ್ ಕೇಳಿದೆ.

"ಅದೆಲ್ಲ ಯಾಕಮ್ಮ," ಎಂದರು ಆಕೆ, ನನ್ನನ್ನೇ ಗದರಿಸುತ್ತಾ. "ಗಂಡ ಹೆಂಡ್ತಿ ಒಟ್ಟಿಗೆ ಬಂದಿದ್ದಾರೆ. ಅವರನ್ನ ಕೆದಕಿ ಕೇಳೋದು ಮರ್ಯಾದೆನಾ?"